ಹಿಟ್ಟು ಮೆತ್ತಿದ ಪಾತ್ರೆಯ ಜಗಳ

ಗುಂಪು: ನಮ್ಮ ಮನೆಯವರು
ಭಾನುವಾರ, ಮಧ್ಯಾಹ್ನ

ಪುಟ್ಟ: (ಫಾರ್ವರ್ಡ್ ಆದದ್ದು) "ದಮ್ ಬಿರಿಯಾನಿಗೆ ಮುಚ್ಚಳದ ಸುತ್ತ ಹಿಟ್ಟು ಮೆತ್ತಿದ ಪಾತ್ರೆ ಕುಕ್ಕರ್‌ಗೆ ಸಮ. ಜೋರು ಉರಿಯಲ್ಲಿ 20 ನಿಮಿಷ, ಸಣ್ಣ ಉರಿಯಲ್ಲಿ 5 ನಿಮಿಷ. ಪಾತ್ರೆಯ ಕೆಳಗೆ ತವಾ ಬೇಡ. ಇಳಿಸಿದ ಕೂಡಲೇ ಮುಚ್ಚಳ ತೆಗೆದು ಬಡಿಸಿ."

ಪುಟ್ಟ: ಇದನ್ನು ನಂಬಿ ಬಿರಿಯಾನಿ ಮಾಡಿದೆ. 1 ಕಿಲೋ ಕೋಳಿ, 750 ಗ್ರಾಂ ಬಾಸ್ಮತಿ. ತಳ ಕಪ್ಪಾಗಿದೆ, ಮೇಲಿನ ಅನ್ನ ಗಟ್ಟಿಯಾಗಿದೆ. ಬೆಂಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುತ್ತಿಲ್ಲ.

ರಾಜಾಜಿನಗರ ಚಿಕ್ಕಪ್ಪ: ಅಕ್ಕಿ ಸರಿಯಾಗಿ ಬೆಂದಿರಲಿಲ್ಲ, ಅಷ್ಟೇ. ಅದಕ್ಕೆ ತವಾ ಏನು ಮಾಡುತ್ತದೆ?

ಜಯನಗರ ದೊಡ್ಡಮ್ಮ: ಪುಟ್ಟ, ಅನ್ನ ಬಸಿಯುವಾಗ ಕಾಳನ್ನು ಹಿಸುಕಿ ನೋಡಿದೆಯಾ?

ಪುಟ್ಟ: ನೋಡಿದೆ ದೊಡ್ಡಮ್ಮ. ನಡುವೆ ಮಾತ್ರ ಸ್ವಲ್ಪ ಗಟ್ಟಿಯಿತ್ತು. ಮುಕ್ಕಾಲು ಪಾಲು ಬೆಂದಿತ್ತು.

ಜಯನಗರ ದೊಡ್ಡಮ್ಮ: ಹಾಗಾದರೆ ಅಕ್ಕಿಯದಲ್ಲ ತಪ್ಪು. ತಳ ಸೀದದ್ದೂ ಮೇಲೆ ಗಟ್ಟಿಯಾದದ್ದೂ ಒಂದೇ ತಪ್ಪಿನ ಎರಡು ಮುಖ. ಒಲೆಯ ಬಿಸಿ ಬರುವುದು ಕೆಳಗಿನಿಂದ ಮಾತ್ರ. ಮೇಲಿನ ಅನ್ನ ಬೇಯಬೇಕಾದರೆ ತಳದಲ್ಲಿರುವ ಕೋಳಿಯ ಮಸಾಲೆಯ ನೀರು ಹಬೆಯಾಗಿ ಮೇಲೇರಬೇಕು. ನೀನು 20 ನಿಮಿಷ ಜೋರು ಉರಿ ಇಟ್ಟಾಗ ಆ ನೀರು ಬೇಗ ಮುಗಿದು ತಳ ಸೀದಿತು. ಆಮೇಲೆ ಮೇಲಕ್ಕೆ ಏರಲು ಹಬೆಯೇ ಇರಲಿಲ್ಲ.

ಪುಟ್ಟಿ: ಹಿಟ್ಟು ಮೆತ್ತಿತ್ತಲ್ಲ? ಹಬೆ ಎಲ್ಲಿಗೆ ಹೋಯಿತು?

ಜಯನಗರ ದೊಡ್ಡಮ್ಮ: ಪುಟ್ಟ, ಹಿಟ್ಟು ಎಲ್ಲಾದರೂ ಬಿರುಕು ಬಿಟ್ಟಿತ್ತೇ?

ಪುಟ್ಟ: ಒಂದು ಕಡೆ ಉಬ್ಬಿ ಒಡೆದಿತ್ತು. ಅಲ್ಲಿಂದ ಸುಯ್ಯೆಂದು ಹಬೆ ಬರುತ್ತಿತ್ತು.

ಜಯನಗರ ದೊಡ್ಡಮ್ಮ: ಅಲ್ಲಿಂದಲೇ ಹೋಯಿತು. ಕುಕ್ಕರ್‌ಗೆ ರಬ್ಬರ್ ಇದೆ, ತೂಕವಿದೆ, ಒತ್ತಡ ತಡೆಯುತ್ತದೆ. ಹಿಟ್ಟು ಬರೀ ಸಂದು ಮುಚ್ಚುತ್ತದೆ. ಮಂದ ಬಿಸಿಯಲ್ಲಿ ಏಳುವ ಹಬೆಯನ್ನಷ್ಟೇ ಅದು ಒಳಗಿಟ್ಟುಕೊಳ್ಳಬಲ್ಲದು.

ರಾಜಾಜಿನಗರ ಚಿಕ್ಕಪ್ಪ: ಅತ್ತಿಗೆ, ನಾನು ತವಾ ಇಲ್ಲದೇ ಹತ್ತಾರು ಸಲ ಮಾಡಿದ್ದೇನೆ. ಒಮ್ಮೆಯೂ ತಳ ಹಿಡಿದಿಲ್ಲ.

ಜಯನಗರ ದೊಡ್ಡಮ್ಮ: ನಿಮ್ಮದು ಅಜ್ಜಿಯ ಕಾಲದ ತಾಮ್ರದ ಪಾತ್ರೆ, ತಳ ಬೆರಳು ದಪ್ಪ. ಮೇಲೆ ಕೆಂಡ ಬೇರೆ ಹಾಕುತ್ತೀರಿ, ಎರಡೂ ಕಡೆಯಿಂದ ಬಿಸಿ ಸಿಗುತ್ತದೆ. ಪುಟ್ಟನದು ತೆಳ್ಳನೆಯ ಅಲ್ಯೂಮಿನಿಯಂ. ಗ್ಯಾಸ್ ಉರಿ ಬಳೆಯಂತೆ ಸುತ್ತ ಉರಿಯುತ್ತದೆ, ತಳವೂ ಬಳೆಯಾಕಾರದಲ್ಲೇ ಸೀಯುತ್ತದೆ. ಸೀದ ಗುರುತು ನೋಡು ಪುಟ್ಟ.

ಪುಟ್ಟ: ಹೌದು! ಸರಿಯಾಗಿ ಬಳೆಯೇ. ನಡುವೆ ಬೆಳ್ಳಗಿದೆ.

ರಾಜಾಜಿನಗರ ಚಿಕ್ಕಪ್ಪ: ಸರಿ, ತೆಳ್ಳನೆಯ ಪಾತ್ರೆಗೆ ಒಪ್ಪಿದೆ. ಆದರೆ ಮೊದಲಿನಿಂದಲೇ ತವಾ ಮೇಲೆ ಇಟ್ಟರೆ ಹಬೆ ಏಳುವಷ್ಟರಲ್ಲಿ ಸಂಜೆಯಾಗುತ್ತದೆ.

ಜಯನಗರ ದೊಡ್ಡಮ್ಮ: ಅದು ನಿಜ. ಅದಕ್ಕೇ ಮೊದಲು ನೇರ ಉರಿಯ ಮೇಲೆ, ಮಧ್ಯಮಕ್ಕಿಂತ ಸ್ವಲ್ಪ ಜೋರಾಗಿ ಏಳೆಂಟು ನಿಮಿಷ. ಗಡಿಯಾರಕ್ಕಿಂತ ಕಿವಿ ಮುಖ್ಯ. ಒಳಗೆ ಕೊತಕೊತ ಎನ್ನಬೇಕು. ಮುಚ್ಚಳದ ಮೇಲೆ ನೀರು ಚಿಮುಕಿಸಿದರೆ ಬೇಗ ಆರಬೇಕು. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಕಬ್ಬಿಣದ ದೋಸೆ ತವಾ ಕಾದಿರಬೇಕು. ತಣ್ಣನೆಯ ತವಾ ಇಟ್ಟರೆ ಎದ್ದ ಹಬೆ ಕುಗ್ಗಿಬಿಡುತ್ತದೆ. ಪಾತ್ರೆಯನ್ನು ಅದರ ಮೇಲಿಟ್ಟು ಅತಿ ಸಣ್ಣ ಉರಿಯಲ್ಲಿ 25 ನಿಮಿಷ. ಹಸಿ ಕೋಳಿಗೆ ಈ ಲೆಕ್ಕ. ಹಸಿ ಕುರಿ ಮಾಂಸಕ್ಕೆ ಇದು ಸಾಲದು.

ಪುಟ್ಟಿ: ಕೊತಕೊತ ನಿಂತು ಚಟಚಟ ಎಂದರೆ?

ಜಯನಗರ ದೊಡ್ಡಮ್ಮ: ತಳದ ನೀರು ಮುಗಿಯಿತು ಎಂದು ಅರ್ಥ. ಕೂಡಲೇ ಒಲೆ ಆರಿಸಬೇಕು. ಮುಚ್ಚಳ ಎತ್ತಿ ನೋಡುವುದಲ್ಲ.

ಪುಟ್ಟ: ಆಮೇಲೆ ತಕ್ಷಣ ತೆಗೆದರೆ ಏನು ತಪ್ಪು? ಎಲ್ಲರೂ ತಟ್ಟೆ ಹಿಡಿದು ಕೂತಿದ್ದರು.

ಜಯನಗರ ದೊಡ್ಡಮ್ಮ: ಆಗ ಅನ್ನದ ಕಾಳು ಮೆತ್ತಗಿರುತ್ತದೆ, ಸೌಟು ತಾಗಿದರೆ ಮುರಿಯುತ್ತದೆ. ಮುಚ್ಚಳ ತೆಗೆದೊಡನೆ ಹಬೆಯೆಲ್ಲ ಹಾರಿ ಮೇಲಿನ ಪದರ ಒಣಗುತ್ತದೆ. 15 ನಿಮಿಷ ಬಿಟ್ಟರೆ ಹಬೆ ನೀರಾಗಿ ಅನ್ನಕ್ಕೆ ಇಳಿಯುತ್ತದೆ, ಕಾಳು ಮುರಿಯದಷ್ಟು ಗಟ್ಟಿಯಾಗುತ್ತದೆ, ತಳಕ್ಕೆ ಅಂಟಿದ್ದೂ ಸಡಿಲಾಗುತ್ತದೆ. ಆದರೆ ತವಾದಿಂದ ಕೆಳಗಿಳಿಸಿ ಬಿಡಬೇಕು. ಒಲೆ ಆರಿಸಿದ ಮೇಲೂ ಕಬ್ಬಿಣ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ.

ರಾಜಾಜಿನಗರ ಚಿಕ್ಕಪ್ಪ: ಮತ್ತೆ ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡ. ಮುಚ್ಚಳದ ನೀರು ತೊಟ್ಟಿಕ್ಕಿ ಅನ್ನ ಮುದ್ದೆಯಾಗುತ್ತದೆ. ಇದನ್ನಾದರೂ ನಾನು ಹೇಳಲು ಬಿಡಿ, ಅತ್ತಿಗೆ.

ಜಯನಗರ ದೊಡ್ಡಮ್ಮ: ಹೇಳಿದ್ದು ಸರಿಯಾಗಿದೆ. 😊

ಪುಟ್ಟ: ಮುಂದಿನ ವಾರ ಮತ್ತೆ ಮಾಡುತ್ತೇನೆ. ನಿಮ್ಮ ದಪ್ಪ ತಳದ ಪಾತ್ರೆ ಕೊಡುತ್ತೀರಾ, ದೊಡ್ಡಮ್ಮ?

ಜಯನಗರ ದೊಡ್ಡಮ್ಮ: ಕೊಡುತ್ತೇನೆ. ಬಾಯಿಗೆ ಅಂಟಿದ ಹಿಟ್ಟನ್ನು ಚಾಕುವಿನಿಂದ ಕೆರೆಯಬೇಡ, ನೀರು ಹಾಕಿ ನೆನೆಸಿ ತೆಗೆ. ಕಳೆದ ಬಾರಿ ಕೊಟ್ಟಾಗ ಅರ್ಧ ಹಿಟ್ಟು ಹಾಗೆಯೇ ವಾಪಸ್ ಬಂದಿತ್ತು.

ಪುಟ್ಟಿ: ಅದು ಚಿಕ್ಕಪ್ಪ ಕೊಂಡುಹೋದಾಗ.

ರಾಜಾಜಿನಗರ ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ.