ಅಪ್ಪನ ಮಾತನ್ನ ನಾವೇ ಮುಗಿಸಬಹುದಾ?

ಬೇಲೂರಿನ ಮಗಳು: ಮೇಡಂ, ಅಪ್ಪನಿಗೆ ಸ್ಟ್ರೋಕ್ ಆಗಿ ಮೂರು ತಿಂಗಳಾಯ್ತು. "ಕಾ... ಕಾ..." ಅಂತ ತಡವರಿಸ್ತಾರೆ. "ಕಾಫಿನಾ?" ಅಂದ್ರೆ ತಲೆ ಆಡಿಸಿ ಕುಡೀತಾರೆ, ಮತ್ತೆ "ಕಾ..." ಅಂತಾರೆ. ತೋಟ ತನ್ನ ಹೆಸರಿಗೆ ಬರೆಯೋಕೆ ಅಪ್ಪ ಒಪ್ಪಿದಾರೆ ಅಂತಾನೆ ಅಣ್ಣ. ಅವರ ಮಾತನ್ನ ನಾವೇ ಮುಗಿಸಬಹುದಾ?

ವಾಕ್ ಚಿಕಿತ್ಸಕಿ, ಹಾಸನ: ವಸ್ತು ಕಣ್ಣೆದುರು ಇದ್ರೆ ಮುಗಿಸಿ, ತಪ್ಪಿಲ್ಲ. ಲೋಟ ತೋರಿಸಿ ತಡವರಿಸ್ತಿದ್ರೆ ಮನಸ್ಸಲ್ಲಿ ಹತ್ತು ಎಣಿಸಿ, "ಹೇಳ್ಲಾ?" ಅಂತ ಕೇಳಿ, "ಲೋ..." ಅಂತ ಶುರು ಮಾತ್ರ ಕೊಡಿ. ಎಷ್ಟೋ ಸಲ ಉಳಿದದ್ದು ಅವರ ಬಾಯಲ್ಲೇ ಬರುತ್ತೆ. ಆದ್ರೆ ಮಾತು ಅವರ ತಲೆಯೊಳಗೆ ಮಾತ್ರ ಇದ್ದಾಗ ನೀವು ಮುಗಿಸಿದ್ದು ನಿಮ್ಮ ಊಹೆ. ಕಾಫಿ ಕುಡಿದ ಮೇಲೂ "ಕಾ..." ಅಂತಿದಾರಲ್ಲ, ಅದು ಕಾಗದ ಇರಬಹುದು, ಕಾಲು ನೋವಿರಬಹುದು.

ನನಗೆ ಹೆದರಿಕೆ ಆ ತಲೆಯಾಡಿಸೋದರ ಮೇಲೆ. ಸ್ಟ್ರೋಕ್‌ನಿಂದ ಮಾತು ಹೋದ ಕೆಲವರಿಗೆ ಹೌದು-ಅಲ್ಲ ಅದಲು ಬದಲಾಗುತ್ತೆ. ಇನ್ನು ಕೆಲವರು ಪೂರ್ತಿ ಅರ್ಥವಾಗದೆ, ಇಲ್ಲಾ ಸುಸ್ತಾಗಿ ಒಪ್ಪಿಬಿಡ್ತಾರೆ. ಇವತ್ತೇ ನೋಡಿ: "ನಮ್ಮೂರು ಬೇಲೂರಾ?" ಅಂತ ಕೇಳಿ. ಸ್ವಲ್ಪ ಬಿಟ್ಟು "ನಮ್ಮೂರು ಮೈಸೂರಾ?" ಅನ್ನಿ. ಇಂಥ ಐದಾರು ಜೋಡಿ ಕೇಳಿ. ಎರಡಕ್ಕೂ ತಲೆ ಆಡಿಸಿದ್ರೆ ತೋಟದ ಒಪ್ಪಿಗೆಯನ್ನೂ ನಂಬೋಕಾಗಲ್ಲ.

ಅರಕಲಗೂಡಿನ ಸದಸ್ಯ: ಬಜೆ ತೇಯ್ದು ಜೇನಲ್ಲಿ ನಾಲಿಗೆಗೆ ಹಚ್ಚಿ, 21 ದಿನಕ್ಕೆ ಮಾತು ಬರುತ್ತೆ. ಫಾರ್ವರ್ಡ್ ಬಂದಿತ್ತು.

ವಾಕ್ ಚಿಕಿತ್ಸಕಿ: ಬೇಡ. ಸ್ಟ್ರೋಕ್ ಆದವರಿಗೆ ನುಂಗೋದೂ ಕಷ್ಟ ಇರಬಹುದು, ಶ್ವಾಸನಾಳಕ್ಕೆ ಇಳಿದ್ರೆ ನ್ಯುಮೋನಿಯಾ ಆಗಬಹುದು. ತೊಂದರೆ ಇರೋದು ಮಿದುಳಲ್ಲಿ, ನಾಲಿಗೆಯಲ್ಲಲ್ಲ. ಈ ಮೆಸೇಜ್ ಮೂರನೇ ಸಲ ಬರ್ತಿದೆ, ದಯವಿಟ್ಟು ನಿಲ್ಲಿಸಿ.

ನಿವೃತ್ತ ಮೇಷ್ಟ್ರು, ಸಕಲೇಶಪುರ: ಯಾರ ಮಾತನ್ನೂ ಯಾವತ್ತೂ ಮುಗಿಸಬಾರದು. ಅದು ಅವಮಾನ.

ಬೇಲೂರಿನ ಮಗಳು: ಬಚ್ಚಲಿಗೆ ಹೋಗ್ಬೇಕು ಅಂತ ಹೇಳೋಕಾಗದೆ ಅವರು ಅಳ್ತಾ ಕೂತಿದ್ರೆ ಸುಮ್ನೆ ಕಾಯ್ಲಾ ಸಾರ್?

ಮೇಷ್ಟ್ರು: ಮನೆ ಜಗಳ ಗುಂಪಿಗೆ ಯಾಕಮ್ಮ ತಂದಿದ್ದು?

ಅರಕಲಗೂಡಿನ ಸದಸ್ಯ: ಅಣ್ಣನೇ ನೋಡ್ಕೊಳ್ತಿರೋದು ಅಂದ್ರೆ ಅವನಿಗೂ ಹಕ್ಕಿದೆ.

ಬೇಲೂರಿನ ಮಗಳು: ನೋಡ್ಕೊಳ್ತಿರೋದು ನಾನು.

ಚನ್ನರಾಯಪಟ್ಟಣದ ತಾಯಿ: ನನ್ನ ಮಗ ಉಗ್ಗುತ್ತಾನೆ, ನಾನೇ ಹೇಳಿಕೊಡ್ಲಾ?

ವಾಕ್ ಚಿಕಿತ್ಸಕಿ: ಬೇಡ. ಉಗ್ಗುವವರಿಗೆ ಪದ ಗೊತ್ತಿರುತ್ತೆ, ಕಾಯಿರಿ.

ಬೇಲೂರಿನ ಮಗಳು: ಮೈಸೂರಿಗೂ ತಲೆ ಆಡಿಸಿದ್ರು ಮೇಡಂ. ಅಣ್ಣ ಸೋಮವಾರ ಹೆಬ್ಬೆಟ್ಟು ಒತ್ತಿಸ್ತೀನಿ ಅಂತಿದಾನೆ.

ವಾಕ್ ಚಿಕಿತ್ಸಕಿ: ಒತ್ತಿಸಬೇಡಿ. ಮಾತು ಹೋಗಿದೆ ಅಂದ ಮಾತ್ರಕ್ಕೆ ಬುದ್ಧಿ ಹೋಗಿಲ್ಲ, ಅವರಿಗೊಂದು ಅಭಿಪ್ರಾಯ ಇರಬಹುದು. ಮೊದಲು ನರರೋಗ ವೈದ್ಯರನ್ನ, ವಕೀಲರನ್ನ ಕಾಣಿ. ಈಗ ದಪ್ಪ ಅಕ್ಷರದಲ್ಲಿ ನಾಲ್ಕು ಚೀಟಿ ಬರೀರಿ: ಊಟ, ನೋವು, ಕಾಗದ, ಇದ್ಯಾವುದೂ ಅಲ್ಲ. ನಾಲ್ಕನೆಯದನ್ನ ಮರೀಬೇಡಿ. ಮುಟ್ಟಿ ತೋರಿಸಲಿ. ಚೀಟಿಗಳ ಜಾಗ ಬದಲಿಸಿ ಮತ್ತೆ ಕೇಳಿ, ಅಣ್ಣ ಎದುರು ಇಲ್ಲದಾಗ.

ಬೇಲೂರಿನ ಮಗಳು: ಎರಡು ಸಲವೂ ಕಾಗದದ ಮೇಲೆ ಕೈ ಇಟ್ರು. ಯಾವ ಕಾಗದ ಅಂತ ಇನ್ನೂ ಗೊತ್ತಾಗಿಲ್ಲ.