ಸಹಾಯ ಬೇಕು: ಪರವಲಯದ ಉದ್ದ ದುಪ್ಪಟ್ಟು ಬರುತ್ತಿದೆ

ನಮಸ್ಕಾರ. y = x² ಪರವಲಯದಲ್ಲಿ (0,0) ಬಿಂದುವಿನಿಂದ (1,1) ಬಿಂದುವಿನವರೆಗಿನ ವಕ್ರರೇಖೆಯ ಉದ್ದ ಕಂಡುಹಿಡಿಯುತ್ತಿದ್ದೇನೆ. ಅವಕಲನ 2x ಆದ್ದರಿಂದ ಸೂತ್ರ ಹೀಗಾಗುತ್ತದೆ:

L = ∫₀¹ √(1 + 4x²) dx

ಇಲ್ಲಿ u = 2x ಎಂದು ಆದೇಶಿಸಿ, ಮಿತಿಗಳನ್ನು 0 ಮತ್ತು 2 ಎಂದು ಬದಲಿಸಿಕೊಂಡೆ. ಆಮೇಲೆ ಹೀಗೆ ಬಂತು:

½[u√(1+u²) + ln(u + √(1+u²))] = ½[2√5 + ln(2+√5)] ≈ 2.958

ಇದು ಖಂಡಿತ ತಪ್ಪು. ಮೊದಲು ಅಡ್ಡಲಾಗಿ 1, ಬಳಿಕ ನೇರ ಮೇಲಕ್ಕೆ 1 ಹೋದರೂ ಒಟ್ಟು 2 ಮಾತ್ರ. ವಕ್ರರೇಖೆ ಅದಕ್ಕಿಂತ ಉದ್ದವಿರಲು ಸಾಧ್ಯವೇ ಇಲ್ಲ. ನೇರ ಗೆರೆಯ ಉದ್ದ √2, ಅಂದರೆ ಸುಮಾರು 1.414. ನಡುವೆ (0.5, 0.25) ಬಿಂದುವನ್ನಿಟ್ಟು ಎರಡು ತುಂಡು ಗೆರೆಗಳನ್ನು ಅಳೆದೆ: 0.559 + 0.901 = 1.460. ನಿಜವಾದ ಉತ್ತರ ಇದಕ್ಕಿಂತ ತುಸು ಹೆಚ್ಚಿರಬೇಕು.

ನನ್ನ ಉತ್ತರದ ಅರ್ಧ 1.479, ಅದು ಚೆನ್ನಾಗಿ ಹೊಂದುತ್ತದೆ! du = 2 dx ಆಗುವುದರಿಂದ dx ಬದಲು du/2 ಬರೆಯಬೇಕಿತ್ತೇ? ಮಿತಿಗಳನ್ನು ಬದಲಿಸಿದಾಗಲೇ ಆ 2 ಲೆಕ್ಕಕ್ಕೆ ಬಂದುಬಿಟ್ಟಿತು ಎಂದುಕೊಂಡಿದ್ದೆ. ಎರಡನ್ನೂ ಏಕೆ ಮಾಡಬೇಕು ಎಂಬುದನ್ನು ಯಾರಾದರೂ ಬಿಡಿಸಿ ಹೇಳುತ್ತೀರಾ? ಉತ್ತರಕ್ಕಿಂತ ಆ ಕಾರಣ ನನಗೆ ಮುಖ್ಯ.