ಡಬ್ಬಿ ಬೇರೆ ತೆಗೆದಿಡುವವಳು ಅವ್ವ

“ಶನಿವಾರ ನನಗೆ 40 ತುಂಬಿತು. ರಾತ್ರಿ 11ರ ತನಕ ನಿನ್ನ ಫೋನ್ ಕಾಯ್ದೆ. ಮರೆತೇ ಬಿಟ್ಟೆಯಾ?”

ಹೌದು ದೋಸ್ತಾ, ಮರೆತೇ ಬಿಟ್ಟೆ. ತಪ್ಪಾಯಿತು, ಕ್ಷಮಿಸು. ನೀನು ಓಣಿ ಗ್ರೂಪಿನಲ್ಲೇ ಕೇಳಿದ್ದೀಯ, ಅದಕ್ಕೆ ನಾನೂ ಎಲ್ಲರ ಎದುರಿಗೇ ಹೇಳುತ್ತಿದ್ದೇನೆ.

ತೊಗರಿ ರಾಶಿ ನಡೆದಿತ್ತು, ಪುರುಸೊತ್ತಿರಲಿಲ್ಲ ಅನ್ನಬಹುದು. ರಾಶಿ ನಡೆದಿದ್ದು ಖರೆ. ಆದರೆ ಅವತ್ತೇ ಅಡತಿ ಅಂಗಡಿಗೆ ಮೂರು ಸಲ ಫೋನ್ ಮಾಡಿ ರೇಟು ಕೇಳಿದ್ದೇನೆ. ಅದಕ್ಕೆ ಪುರುಸೊತ್ತಿನ ಮಾತು ನಿನ್ನ ಮುಂದೆ ಆಡುವುದಿಲ್ಲ.

ಹೆಂಗೆ ಮರೆತೆ ಅಂತ ರಾತ್ರಿ ಕೂತು ಯೋಚಿಸಿದೆ. ನಿಜ ಹೇಳಬೇಕಂದ್ರೆ ನಿನ್ನ ತಾರೀಖು ನೆನಪಿಟ್ಟವಳು ನಮ್ಮವ್ವ. ನೀನು ಎಳ್ಳಮಾಸಿ ದಿನ ಹುಟ್ಟಿದವನು ಅಲ್ವಾ? ಪ್ರತಿ ವರ್ಷ ಹೊಲಕ್ಕೆ ಬುತ್ತಿ ಕಟ್ಟುವಾಗ ಒಂದು ಡಬ್ಬಿಯಲ್ಲಿ ಭಜ್ಜಿ ಬೇರೆ ತೆಗೆದು, ಮೇಲೆ ಎರಡು ಸಜ್ಜೆ ರೊಟ್ಟಿ ಇಟ್ಟು, “ಇದು ಅವನ ಪಾಲು. ಹತ್ತನೇ ತಾರೀಖು ಮರೀಬ್ಯಾಡ” ಅನ್ನುತ್ತಿದ್ದಳು. 2024ರಲ್ಲಿ ಎಳ್ಳಮಾಸಿ ಜನವರಿ 11ಕ್ಕೆ ಬಂದಿತ್ತು, ನಿನ್ನ ಹುಟ್ಟುಹಬ್ಬದ ಮರುದಿನವೇ. ಈ ಸಲ ಡಿಸೆಂಬರ್ 19ಕ್ಕೇ ಆಗಿಹೋಯಿತು. ಅವ್ವನೂ ಇಲ್ಲ. ಚರಗ ಚೆಲ್ಲಿ, ಉಂಡು, ಮನೆಗೆ ಬಂದೆವು. ಡಬ್ಬಿ ಬೇರೆ ತೆಗೆದಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವ್ವ ಹೋದ ಮೇಲೆ ಆ ಕೆಲಸ ನನ್ನದಾಗಬೇಕಿತ್ತು. ನಾನು ಮಾಡಲಿಲ್ಲ.

ಅವ್ವ ಆಸ್ಪತ್ರೆಯಲ್ಲಿದ್ದಾಗ ನನ್ನ ಹುಟ್ಟುಹಬ್ಬ ನನಗೇ ನೆನಪಿರಲಿಲ್ಲ. ನೀನು ಕಮಲಾಪುರದ ಕೆಂಪು ಬಾಳೆಹಣ್ಣು ಪೇಪರಿನಲ್ಲಿ ಸುತ್ತಿಕೊಂಡು ಬಂದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಸಿಪ್ಪೆ ಸುಲಿದು ಕೈಗೆ ಕೊಟ್ಟೆ. “ತಿನ್ನು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಅಂದೆ, ಅಷ್ಟೇ. ಹಾಗೆ ಬಂದು ಕೂತವನು ಶನಿವಾರ ರಾತ್ರಿ ಫೋನ್ ನೋಡುತ್ತಾ ಕೂತಿದ್ದ ಅಂದರೆ ಕರುಳು ಹಿಂಡಿದಂತೆ ಆಗುತ್ತದೆ.

ಅದರಲ್ಲೂ 40 ತುಂಬಿದ ದಿನ. ಅದು ಮತ್ತೆ ಬರುವುದಿಲ್ಲ, ಗೊತ್ತು.

ಈಗ ಫೋನಿನಲ್ಲಿ ಪ್ರತಿ ವರ್ಷ ಬರುವ ಹಾಗೆ ಹಾಕಿದ್ದೇನೆ. 10ಕ್ಕಲ್ಲ, 9ರ ಸಂಜೆಗೆ. ಅವ್ವ ಮೊದಲೇ ನೆನಪಿಸುತ್ತಿದ್ದಳಲ್ಲ, ಹಾಗೆ.

ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತೇನೆ. ಅವರೆ, ಹಸಿ ಕಡ್ಲಿ, ಮೆಂತ್ಯ ಪಲ್ಯ ಎಲ್ಲಾ ಇನ್ನೂ ಸಿಗುತ್ತಿದೆ, ಭಜ್ಜಿ ಮಾಡಿಸಿಕೊಂಡು ತರುತ್ತೇನೆ. ನಿನ್ನ ಸಿಟ್ಟು ಇಳಿದಿರದಿದ್ದರೆ ನನ್ನ ಜೊತೆ ಮಾತಾಡಲೇಬೇಕು ಅಂತೇನಿಲ್ಲ. ಡಬ್ಬಿ ವೈನಿ ಕೈಗೆ ಕೊಟ್ಟು ಬರುತ್ತೇನೆ.